ಗೆರೆ ಎಳೆಯುವ ಮೊದಲು ಚುಕ್ಕಿ ಇಡಿ: ಚದುರುಚಿತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಪದವಿ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಪ್ರಾಜೆಕ್ಟ್ ವರದಿಗಳ ಕಾಲ ಬಂತೆಂದರೆ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಬಹುತೇಕ ಎಲ್ಲರೂ ಎರಡು ಸಾಲು ಅಂಕಿಗಳನ್ನು ಹಿಡಿದು ನೇರವಾಗಿ ಸಹಸಂಬಂಧ ಗುಣಾಂಕ ಲೆಕ್ಕ ಹಾಕುತ್ತಾರೆ, ಅದು ಒಂದಕ್ಕೆ ಹತ್ತಿರ ಬಂದರೆ ಸರಳರೇಖೆ ಹೊಂದಿಸಿ ಮುಗಿಸುತ್ತಾರೆ. ಆ ಎರಡು ಸಾಲುಗಳನ್ನು ಮೊದಲು ಚುಕ್ಕಿಗಳಾಗಿ ಕಾಗದದ ಮೇಲೆ ಇಟ್ಟು ನೋಡಿದವರು ಕಡಿಮೆ. ಆ ನೋಟದಲ್ಲಿ ಏನೇನು ಕಾಣಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಉದಾಹರಣೆಗೆ ಆರಿಸಿಕೊಂಡದ್ದು ಗಾಳಿಯಂತ್ರ. ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಬಸ್ಸಿನಲ್ಲಿ ಹೋದವರೆಲ್ಲ ಗುಡ್ಡಗಳ ನೆತ್ತಿಯ ಮೇಲೆ ಅವುಗಳನ್ನು ಕಂಡಿರುತ್ತಾರೆ. ಮುಂದೆ ಬರುವ ಅಂಕಿಗಳನ್ನು 2000 ಕಿಲೋವ್ಯಾಟ್ ಸಾಮರ್ಥ್ಯದ ಯಂತ್ರಗಳ ಸಾಮಾನ್ಯ ನಡತೆಗೆ ಹೊಂದುವಂತೆ ಅಭ್ಯಾಸಕ್ಕಾಗಿ ನಾನೇ ಬರೆದುಕೊಂಡಿದ್ದೇನೆ. ಯಾವುದೋ ಒಂದು ಗುಡ್ಡದ ಯಾವುದೋ ಒಂದು ಯಂತ್ರದ ದಾಖಲೆ ಅಲ್ಲ.

ಚದುರುಚಿತ್ರ ಎಂದರೆ ಏನು?

ಒಂದೇ ವಸ್ತುವಿನ ಅಥವಾ ಒಂದೇ ಹೊತ್ತಿನ ಎರಡು ಅಳತೆಗಳನ್ನು ಸೇರಿಸಿ ಒಂದು ಚುಕ್ಕಿಯಾಗಿ ಇಡುವ ಚಿತ್ರ. ಸ್ಕ್ಯಾಟರ್ ಪ್ಲಾಟ್ ಎಂದು ನೀವು ಕೇಳಿರುವುದು ಇದನ್ನೇ. ಗಾಳಿ ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಬೀಸುತ್ತಿದ್ದಾಗ ಯಂತ್ರ 800 ಕಿಲೋವ್ಯಾಟ್ ವಿದ್ಯುತ್ ಕೊಡುತ್ತಿತ್ತು ಎನ್ನುವುದು ಒಂದು ಚುಕ್ಕಿ. ಎರಡು ಅಳತೆಗಳೂ ಅದೇ ಹೊತ್ತಿನವು, ಅದೇ ಯಂತ್ರದವು ಆಗಿರಬೇಕು. ಬೆಳಗಿನ ಗಾಳಿಗೆ ಸಂಜೆಯ ವಿದ್ಯುತ್ತನ್ನು ಜೋಡಿಸಿದರೆ ಚುಕ್ಕಿ ಬೀಳುತ್ತದೆ, ಆದರೆ ಅದಕ್ಕೆ ಅರ್ಥವಿರುವುದಿಲ್ಲ.

ಯಾವುದನ್ನು ಅಡ್ಡ ಅಕ್ಷದಲ್ಲಿ, ಯಾವುದನ್ನು ಲಂಬ ಅಕ್ಷದಲ್ಲಿ ಇಡಬೇಕು? ಚುಕ್ಕಿಗಳನ್ನು ಜೋಡಿಸಬೇಕೇ?

ಕಾರಣವೆಂದು ನೀವು ಭಾವಿಸಿರುವುದು, ಅಥವಾ ಯಾವುದನ್ನು ತಿಳಿದು ಇನ್ನೊಂದನ್ನು ಅಂದಾಜು ಮಾಡಬೇಕೆಂದಿದ್ದೀರೋ ಅದು, ಅಡ್ಡ ಅಕ್ಷಕ್ಕೆ. ಗಾಳಿಯಿಂದ ವಿದ್ಯುತ್ ಬರುತ್ತದೆಯೇ ಹೊರತು ವಿದ್ಯುತ್ತಿನಿಂದ ಗಾಳಿ ಬರುವುದಿಲ್ಲ. ಹಾಗಾಗಿ ಗಾಳಿಯ ವೇಗ ಅಡ್ಡಕ್ಕೆ, ವಿದ್ಯುತ್ ಮೇಲಕ್ಕೆ. ಚುಕ್ಕಿಗಳನ್ನು ಗೆರೆಯಿಂದ ಜೋಡಿಸಬೇಡಿ. ಜೋಡಿಸಿದ ಕ್ಷಣ ಕಣ್ಣು ಆ ಗೆರೆಯನ್ನು ಹಿಂಬಾಲಿಸುತ್ತದೆ, ಚುಕ್ಕಿಗಳ ಗುಂಪು ಮರೆಯಾಗುತ್ತದೆ.

ಕಂಪ್ಯೂಟರ್‌ನಲ್ಲಿ ಮಾಡುವವರು ಒಂದು ವಿಷಯಕ್ಕೆ ಗಮನ ಕೊಡಿ. ಸ್ಪ್ರೆಡ್‌ಶೀಟ್‌ನಲ್ಲಿ Line ಎಂಬ ಬಗೆಯನ್ನು ಆರಿಸಿದರೆ ಅಡ್ಡ ಅಕ್ಷದ ಅಂಕಿಗಳು ಬರೀ ಹೆಸರುಗಳಂತೆ ಸಮಾನ ಅಂತರದಲ್ಲಿ ಸಾಲಾಗಿ ಕೂರುತ್ತವೆ. 3 ಮತ್ತು 4ರ ನಡುವಿನ ಅಂತರವೂ 4 ಮತ್ತು 14ರ ನಡುವಿನ ಅಂತರವೂ ಒಂದೇ ಆಗಿ ಕಾಣುತ್ತದೆ, ಆಕಾರವೇ ಸುಳ್ಳಾಗುತ್ತದೆ. ಆರಿಸಬೇಕಾದದ್ದು Scatter.

ಗುಣಾಂಕ 0.98 ಬಂದಿದೆ. ಇಷ್ಟು ಬಂದ ಮೇಲೂ ಚಿತ್ರ ಬೇಕೇ?

ಬೇಕು. 0.98 ಬಂದಾಗಲೇ ಹೆಚ್ಚಾಗಿ ಬೇಕು, ಏಕೆಂದರೆ ಆ ಅಂಕಿಯನ್ನು ನೋಡಿದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ತರಗತಿಯಲ್ಲಿ ನಾನು ಕೊಡುವ ಅಂಕಿಗಳು ಇವು. ಮೊದಲನೆಯದು ಗಾಳಿಯ ವೇಗ, ಸೆಕೆಂಡಿಗೆ ಇಷ್ಟು ಮೀಟರ್ ಎಂದು. ಎರಡನೆಯದು ವಿದ್ಯುತ್, ಕಿಲೋವ್ಯಾಟ್‌ನಲ್ಲಿ.

```
vega,shakti
2,0
3,20
4,70
5,170
6,320
7,530
8,800
9,1120
10,1450
11,1740
12,1930
13,2000
14,2000
```

ಇದಕ್ಕೆ ಗುಣಾಂಕ ಲೆಕ್ಕ ಹಾಕಿದರೆ 0.98 ಬರುತ್ತದೆ. ಕನಿಷ್ಠ ವರ್ಗಗಳ ವಿಧಾನದಿಂದ ರೇಖೆ ಹೊಂದಿಸಿದರೆ ಗಾಳಿಯ ವೇಗ ಒಂದು ಮೀಟರ್ ಹೆಚ್ಚಾದಂತೆ ವಿದ್ಯುತ್ ಸುಮಾರು 203 ಕಿಲೋವ್ಯಾಟ್ ಹೆಚ್ಚುತ್ತದೆ ಎನ್ನುವ ಸಮೀಕರಣ ಸಿಗುತ್ತದೆ.

```
shakti = -687 + 203 * vega
```

ಈಗ ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ 1 ಸೆಂಟಿಮೀಟರ್ ಅಂದರೆ ಒಂದು ಮೀಟರ್ ವೇಗ, ಮೇಲಕ್ಕೆ 1 ಸೆಂಟಿಮೀಟರ್ ಅಂದರೆ 200 ಕಿಲೋವ್ಯಾಟ್. ಮೊದಲ ಚುಕ್ಕಿ ತಳದ ಗೆರೆಯ ಮೇಲೆಯೇ ಕೂರುತ್ತದೆ. ಎರಡನೆಯದು ಒಂದೇ ಒಂದು ಮಿಲಿಮೀಟರ್ ಮೇಲೆ. ಮೂರನೆಯದೂ ನೆಲವನ್ನು ಬಿಟ್ಟು ಹೆಚ್ಚು ಏಳುವುದಿಲ್ಲ. ವೇಗ ಆರು, ಏಳು ಆಗುವ ಹೊತ್ತಿಗೆ ಚುಕ್ಕಿಗಳು ಮೇಲೇಳತೊಡಗುತ್ತವೆ, ಎಂಟರಿಂದ ಹನ್ನೊಂದರವರೆಗೆ ಏಣಿ ಹತ್ತಿದಂತೆ ಹತ್ತುತ್ತವೆ.

ಒಮ್ಮೆ ಒಬ್ಬ ವಿದ್ಯಾರ್ಥಿನಿ ಹೀಗೆ ಚುಕ್ಕಿ ಇಡುತ್ತ ಬಂದು ಕೊನೆಯದರ ಹತ್ತಿರ ಪೆನ್ಸಿಲನ್ನು ಎತ್ತಿ ಹಿಡಿದಳು. “ಸರ್, 13ಕ್ಕೂ 2000, 14ಕ್ಕೂ 2000 ಎಂದಿದೆ. ಬರೆಯುವಾಗ ತಪ್ಪಾಗಿದೆಯೇ?” ಎಂದು ಕೇಳಿದಳು. “ತಪ್ಪಾಗಿಲ್ಲಮ್ಮ, ಇದ್ದಂತೆ ಇಡು. ಆಮೇಲೆ ಹಾಳೆಯನ್ನು ಸ್ವಲ್ಪ ದೂರ ಹಿಡಿದು ನೋಡು” ಎಂದೆ. ಅವಳು ಕೈ ಚಾಚಿ ನೋಡಿ, ಇದು ಗೆರೆಯಲ್ಲ, ಮಲಗಿ ಎದ್ದು ಮತ್ತೆ ಮಲಗಿದ ಹಾಗಿದೆ ಎಂದಳು. ಪಕ್ಕದಲ್ಲೇ ಅವಳದೇ ಕೈಬರಹದಲ್ಲಿ 0.98 ಎಂದು ಲೆಕ್ಕ ಮಾಡಿಟ್ಟ ಹಾಳೆ ಇತ್ತು.

ಗೆರೆ ಮಾಡುವ ತಪ್ಪು ಎಷ್ಟು ದೊಡ್ಡದು ಎಂದು ನೋಡಿ. ವೇಗ 2 ಇದ್ದಾಗ ಗೆರೆ ಹೇಳುವುದು ಸುಮಾರು ಮೈನಸ್ 282 ಕಿಲೋವ್ಯಾಟ್. 6 ಇದ್ದಾಗ 529 ಎನ್ನುತ್ತದೆ, ನಿಜ 320. 11 ಇದ್ದಾಗ 1543 ಎನ್ನುತ್ತದೆ, ನಿಜ 1740. 14ಕ್ಕೆ ಬಂದಾಗ 2151 ಎನ್ನುತ್ತದೆ, ಯಂತ್ರದ ಸಾಮರ್ಥ್ಯವೇ 2000. ತಪ್ಪುಗಳು ಅಲ್ಲೊಂದು ಇಲ್ಲೊಂದು ಎಂಬಂತೆ ಚೆದುರಿಲ್ಲ ಎಂಬುದನ್ನೂ ಗಮನಿಸಿ. ಆರಂಭದ ಎರಡು ಚುಕ್ಕಿಗಳು ಗೆರೆಗಿಂತ ಮೇಲಿವೆ, 4ರಿಂದ 9ರವರೆಗಿನ ಆರೂ ಕೆಳಗಿವೆ, 10ರಿಂದ 13ರವರೆಗಿನ ನಾಲ್ಕೂ ಮೇಲಿವೆ, ಕೊನೆಯದು ಮತ್ತೆ ಕೆಳಗೆ. ಹೀಗೆ ಒಂದೇ ಕಡೆಯ ತಪ್ಪುಗಳು ಸಾಲುಸಾಲಾಗಿ ಬಂದರೆ ಆಕಾರ ನೇರವಾಗಿಲ್ಲ ಎಂದೇ ಅರ್ಥ. ಚಿತ್ರವನ್ನು ಮೊದಲೇ ನೋಡಿದ್ದರೆ ಇದಕ್ಕೆ ಸಮೀಕರಣದವರೆಗೆ ಹೋಗಬೇಕಾಗಿರಲಿಲ್ಲ.

ಹಾಗಾದರೆ 0.98 ಎನ್ನುವುದು ಸುಳ್ಳೇ?

ಸುಳ್ಳಲ್ಲ. ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆ. ಈ ಗುಣಾಂಕವು ಚುಕ್ಕಿಗಳು ಒಂದು ಸರಳರೇಖೆಗೆ ಎಷ್ಟು ಹತ್ತಿರ ಇವೆ ಎಂಬುದನ್ನು ಮಾತ್ರ ಅಳೆಯುತ್ತದೆ. ಏರುತ್ತಲೇ ಹೋಗುವ ಅನೇಕ ವಕ್ರಗಳಿಗೆ ಒಂದು ರೇಖೆ ತಕ್ಕಮಟ್ಟಿಗೆ ಹತ್ತಿರ ಬರುತ್ತದೆ, ಅದಕ್ಕೇ ಅಂಕಿ ದೊಡ್ಡದಾಗುತ್ತದೆ. ಆಕಾರ ನೇರವಾಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ಆ ಅಂಕಿಗೆ ಇಲ್ಲ.

ಇದನ್ನು ಎಲ್ಲರಿಗೂ ಕಾಣುವಂತೆ ತೋರಿಸಿಕೊಟ್ಟವರು ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್. 1973ರಲ್ಲಿ ಅವರು ಹನ್ನೊಂದು ಹನ್ನೊಂದು ಚುಕ್ಕಿಗಳ ನಾಲ್ಕು ಗುಂಪುಗಳನ್ನು ಮುಂದಿಟ್ಟರು. ನಾಲ್ಕರಲ್ಲೂ ಸರಾಸರಿಗಳು ಒಂದೇ, ಗುಣಾಂಕ ಸುಮಾರು 0.82, ಹೊಂದುವ ರೇಖೆಯೂ ಅದೇ. ಚಿತ್ರ ಬರೆದರೆ ಒಂದು ಸಾಮಾನ್ಯ ಚದುರು, ಒಂದು ಕಮಾನು, ಇನ್ನೊಂದು ನೇರ ಸಾಲಿನಿಂದ ಒಂದೇ ಚುಕ್ಕಿ ಹೊರಗೆ ಹಾರಿದ್ದು. ನಾಲ್ಕನೆಯದರಲ್ಲಿ ಹತ್ತು ಚುಕ್ಕಿಗಳು ಒಂದೇ ಲಂಬ ಸಾಲಿನಲ್ಲಿ ನಿಂತು ದೂರದ ಒಂದೇ ಒಂದು ಚುಕ್ಕಿ ಇಡೀ ರೇಖೆಯನ್ನು ತನ್ನ ಕಡೆಗೆ ಎಳೆದಿರುತ್ತದೆ. ಆ ನಾಲ್ಕನ್ನೂ ಒಮ್ಮೆ ಕೈಯಿಂದಲೇ ಬರೆದು ನೋಡಿ.

ಗಾಳಿಯಂತ್ರದ ಚಿತ್ರಕ್ಕೆ ಆ ಆಕಾರ ಏಕೆ ಬರುತ್ತದೆ?

ಆಕಾರ ಕಂಡ ಮೇಲೆ ಕೇಳಬೇಕಾದ ಸರಿಯಾದ ಪ್ರಶ್ನೆ ಇದು. ಮಂದವಾದ ಗಾಳಿಗೆ ರೆಕ್ಕೆಗಳು ತಿರುಗಿದರೂ ಜನರೇಟರ್‌ಗೆ ಬೇಕಾದಷ್ಟು ಬಲ ಸಿಗುವುದಿಲ್ಲ. ಸಾಮಾನ್ಯವಾಗಿ ಸೆಕೆಂಡಿಗೆ 3ರಿಂದ 4 ಮೀಟರ್ ವೇಗ ಬಂದ ಮೇಲೆಯೇ ಉತ್ಪಾದನೆ ಶುರುವಾಗುತ್ತದೆ. ಚಿತ್ರದ ಎಡಗಡೆಯ ನೆಲ ಹಿಡಿದ ಚುಕ್ಕಿಗಳು ಇವೇ. ಅಲ್ಲಿಂದ ಮೇಲೆ ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ಶಕ್ತಿ ಎಂಟರಷ್ಟಾಗುತ್ತದೆ. ಚುಕ್ಕಿಗಳು ಮೇಲಕ್ಕೆ ಬಾಗುವುದು ಅದಕ್ಕೇ. 12, 13ರ ಹತ್ತಿರ ಜನರೇಟರ್ ತನ್ನ ಪೂರ್ಣ ಸಾಮರ್ಥ್ಯ ಮುಟ್ಟುತ್ತದೆ. ಆಮೇಲೆ ಬರುವ ಹೆಚ್ಚಿನ ಗಾಳಿಯನ್ನು ರೆಕ್ಕೆಗಳು ತಮ್ಮ ಓರೆಯನ್ನು ಬದಲಿಸಿಕೊಂಡು ಬಿಟ್ಟುಕೊಡುತ್ತವೆ. ಬಲಗಡೆಯ ಸಮತಟ್ಟು ಹಾಗೆ ಬಂದದ್ದು. ವೇಗ ಸುಮಾರು 25 ದಾಟಿದರೆ ಯಂತ್ರವೇ ಸುರಕ್ಷತೆಗಾಗಿ ನಿಲ್ಲುತ್ತದೆ, ಆಗ ವಿದ್ಯುತ್ ಮತ್ತೆ ಸೊನ್ನೆ.

ನಮ್ಮ ಸರಳರೇಖೆಯನ್ನು 25ರವರೆಗೆ ಚಾಚಿದರೆ ಅದು 4300 ಕಿಲೋವ್ಯಾಟ್‌ಗೂ ಹೆಚ್ಚು ಹೇಳುತ್ತದೆ. ಯಂತ್ರ ಸುರಕ್ಷತೆಗಾಗಿ ನಿಲ್ಲುವ ಅಂಚಿನಲ್ಲಿ ಗೆರೆ ಅದರ ಸಾಮರ್ಥ್ಯದ ಎರಡು ಪಟ್ಟಿಗೂ ಹೆಚ್ಚು ವಿದ್ಯುತ್ ಕೊಡಿಸುತ್ತಿರುತ್ತದೆ.

ಹಾಗಿದ್ದರೆ ಇಂಥ ಚಿತ್ರಕ್ಕೆ ಗೆರೆ ಎಳೆಯಲೇಬಾರದೇ?

ಎಳೆಯಬಹುದು, ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಿ ಎಳೆಯಬೇಕು. 7ರಿಂದ 11ರವರೆಗಿನ ಐದು ಚುಕ್ಕಿಗಳನ್ನು ಮಾತ್ರ ನೋಡಿದರೆ ಅವು ಬಹುತೇಕ ನೇರವಾಗಿವೆ. ಅಷ್ಟಕ್ಕೆ ಮಾತ್ರ ರೇಖೆ ಹೊಂದಿಸಿದರೆ ಒಂದು ಮೀಟರ್ ವೇಗಕ್ಕೆ 307 ಕಿಲೋವ್ಯಾಟ್ ಏರಿಕೆ ಸಿಗುತ್ತದೆ. ಇಡೀ ಚಿತ್ರಕ್ಕೆ ಎಳೆದಾಗ ಬಂದ 203ರ ಒಂದೂವರೆ ಪಟ್ಟು ಅದು. ಆ ನಡುಭಾಗದಲ್ಲಿ ಯಂತ್ರ ನಿಜವಾಗಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು 307 ಹೇಳುತ್ತದೆ. 203 ಎನ್ನುವುದು ತಳದ ಸಮತಟ್ಟು, ಏರು, ಮೇಲಿನ ಸಮತಟ್ಟು ಮೂರನ್ನೂ ಕಲಸಿದ ಅಂಕಿ, ಅದು ಯಾವ ಭಾಗಕ್ಕೂ ಸೇರಿದ್ದಲ್ಲ.

ಗಾಳಿಯಂತ್ರದ ಕೆಲಸ ಮಾಡುವವರು ಗೆರೆಯ ಗೋಜಿಗೇ ಹೋಗುವುದಿಲ್ಲ. ವೇಗವನ್ನು ಅರ್ಧ ಅರ್ಧ ಮೀಟರಿನ ಪಟ್ಟಿಗಳಾಗಿ ಕತ್ತರಿಸಿ ಪ್ರತಿ ಪಟ್ಟಿಯೊಳಗಿನ ಚುಕ್ಕಿಗಳ ಸರಾಸರಿ ತೆಗೆಯುತ್ತಾರೆ. ಆ ಸರಾಸರಿಗಳು ಆಕಾರವನ್ನು ತಾವೇ ತೋರಿಸುತ್ತವೆ. ನಿಮ್ಮ ಪ್ರಾಜೆಕ್ಟಿನಲ್ಲೂ ಆಕಾರ ವಿಚಿತ್ರವಾಗಿದ್ದರೆ ಇದೇ ಉಪಾಯ ಬಳಸಿ.

ದಿಕ್ಕು ಎಂದರೆ ಏರುತ್ತದೋ ಇಳಿಯುತ್ತದೋ ಎಂಬುದಷ್ಟೇ ಅಲ್ಲವೇ?

ಬಹುಪಾಲು ಅಷ್ಟೇ. ಎಡದಿಂದ ಬಲಕ್ಕೆ ಹೋಗುತ್ತ ಚುಕ್ಕಿಗಳು ಮೇಲೆ ಹೋದರೆ ಧನ ದಿಕ್ಕು, ಕೆಳಗೆ ಬಂದರೆ ಋಣ ದಿಕ್ಕು. ಸುಗ್ಗಿಯಲ್ಲಿ ರಸ್ತೆಯ ಬದಿ ಮೆಕ್ಕೆಜೋಳ ಹರವಿರುತ್ತಾರಲ್ಲ, ಒಣಗಿಸಿದ ದಿನಗಳನ್ನು ಅಡ್ಡಕ್ಕೂ ಕಾಳಿನ ತೇವಾಂಶವನ್ನು ಮೇಲಕ್ಕೂ ಇಟ್ಟರೆ ಚುಕ್ಕಿಗಳು ಇಳಿಯುತ್ತವೆ. ಮೊದಲ ದಿನಗಳಲ್ಲಿ ಬೇಗ ಇಳಿದು ಆಮೇಲೆ ನಿಧಾನವಾಗುತ್ತವೆ, ಏಕೆಂದರೆ ಕಾಳಿನ ಒಳಗಿನ ತೇವ ಹೊರಗೆ ಬರಲು ಹೊತ್ತು ಬೇಕು. ದಿಕ್ಕು ಋಣ, ಆಕಾರ ವಕ್ರ.

ಎಡವುವುದು ದಿಕ್ಕು ನಡುವೆ ತಿರುಗಿದಾಗ. ಚಳ್ಳಕೆರೆ ಕಡೆಯ ಮಳೆಯಾಶ್ರಿತ ಶೇಂಗಾವನ್ನು ನೆನೆಯಿರಿ. ಮಳೆ ತೀರಾ ಕಡಿಮೆಯಾದರೆ ಕಾಯಿ ಕಟ್ಟುವುದಿಲ್ಲ. ಹೆಚ್ಚಾಗಿ ಸುರಿದು ಕೊಯ್ಲಿನ ಹೊತ್ತಿಗೂ ನಿಲ್ಲದಿದ್ದರೆ ಕಾಯಿ ಕೊಳೆಯುತ್ತದೆ, ಕೆಲವು ತಳಿಗಳಲ್ಲಿ ಬೀಜ ಮಣ್ಣಿನೊಳಗೇ ಮೊಳೆತುಬಿಡುತ್ತದೆ. ಇದನ್ನು ತೋರಿಸಲು ಐದು ಅಂಕಿ ಬರೆದುಕೊಳ್ಳೋಣ. ಮಳೆ 300, 400, 500, 600, 700 ಮಿಲಿಮೀಟರ್ ಆದಾಗ ಎಕರೆಗೆ ಇಳುವರಿ ಕ್ರಮವಾಗಿ 3, 6, 7, 6, 3 ಕ್ವಿಂಟಾಲ್. ಗುಣಾಂಕ ಲೆಕ್ಕ ಹಾಕಿ. ಸರಿಯಾಗಿ ಸೊನ್ನೆ ಬರುತ್ತದೆ. ಅದನ್ನು ನೋಡಿ ಮಳೆಗೂ ಶೇಂಗಾ ಇಳುವರಿಗೂ ಸಂಬಂಧವಿಲ್ಲ ಎಂದು ವರದಿಯಲ್ಲಿ ಬರೆದರೆ ಚಳ್ಳಕೆರೆಯ ಯಾವ ರೈತನೂ ಒಪ್ಪುವುದಿಲ್ಲ. ಚಿತ್ರದಲ್ಲಿ ಚುಕ್ಕಿಗಳು ಬೋರಲು ಹಾಕಿದ ಬಾಣಲೆಯಂತೆ ಕೂತಿರುತ್ತವೆ. ಸಂಬಂಧ ಬಹಳ ಬಿಗಿಯಾಗಿದೆ, ಒಂದು ದಿಕ್ಕು ಮಾತ್ರ ಇಲ್ಲ.

ಸಂಬಂಧ ಬಲವಾಗಿದೆಯೋ ದುರ್ಬಲವಾಗಿದೆಯೋ ಕಣ್ಣಿನಿಂದ ಹೇಗೆ ಹೇಳುವುದು?

ಅನೇಕರು ಕಡಿದಾಗಿ ಏರಿದರೆ ಬಲವಾದ ಸಂಬಂಧ ಎಂದುಕೊಳ್ಳುತ್ತಾರೆ. ಏರು ಎಷ್ಟು ಕಡಿದು ಎಂಬುದು ನೀವು ಆರಿಸಿದ ಅಳತೆಯನ್ನು ಅವಲಂಬಿಸಿದೆ. ಕಿಲೋವ್ಯಾಟ್ ಬದಲು ಮೆಗಾವ್ಯಾಟ್ ಎಂದು ಬರೆದರೆ 307 ಎಂಬ ಏರಿಕೆ 0.307 ಆಗುತ್ತದೆ, ಸಂಬಂಧ ಬದಲಾಗಿರುವುದಿಲ್ಲ. ಬಲ ಎನ್ನುವುದು ಚುಕ್ಕಿಗಳು ತಮ್ಮ ಆಕಾರವನ್ನು ಎಷ್ಟು ಒತ್ತಾಗಿ ಅಪ್ಪಿಕೊಂಡಿವೆ ಎಂಬುದು.

ಇದಕ್ಕೆ ನಾನು ಕಲಿಸುವ ಉಪಾಯ ಒಂದು ಪಟ್ಟಿ ಕಾಗದ. ಕಳೆದ ಸಲ ತರಗತಿಯಲ್ಲಿ ಪ್ರತಿಯೊಬ್ಬರೂ ಚೀಲದಿಂದ ಬೊಗಸೆ ಶೇಂಗಾ ತೆಗೆದುಕೊಂಡು ಸಿಪ್ಪೆ ಸಮೇತ ತೂಗಿದರು. ಆಮೇಲೆ ಸುಲಿದು ಬೀಜವನ್ನು ಮಾತ್ರ ತೂಗಿದರು. ಒಳ್ಳೆಯ ಶೇಂಗಾದಲ್ಲಿ ಬೀಜದ ಪಾಲು ಸುಮಾರು ಶೇಕಡಾ 70 ಇರುತ್ತದೆ. ಕಾಯಿಯ ತೂಕ ಅಡ್ಡಕ್ಕೆ, ಬೀಜದ ತೂಕ ಮೇಲಕ್ಕೆ. ಕಾಯಿ 100 ಗ್ರಾಂ ಇರುವ ಜಾಗದಲ್ಲಿ ಒಂದು ಬೆರಳಿನಷ್ಟು ಅಗಲದ ಕಿಂಡಿ ಬಿಟ್ಟು ಎರಡು ಬದಿಯನ್ನೂ ಕಾಗದದಿಂದ ಮುಚ್ಚಿದೆವು. ಕಿಂಡಿಯೊಳಗಿನ ಚುಕ್ಕಿಗಳು 66ರಿಂದ 73 ಗ್ರಾಂ ನಡುವೆ ಇದ್ದವು. ಕಾಗದ ತೆಗೆದರೆ ಇಡೀ ಚಿತ್ರದಲ್ಲಿ ಬೀಜದ ತೂಕ 35ರಿಂದ 140ರವರೆಗೆ ಹರಡಿತ್ತು. ಇಡೀ ಹರವು 105 ಗ್ರಾಂ, ಕಿಂಡಿಯೊಳಗಿನ ಹರವು 7 ಗ್ರಾಂ. ಕಾಯಿಯ ತೂಕ ತಿಳಿದರೆ ಬೀಜದ ತೂಕ ಬಹುಮಟ್ಟಿಗೆ ತಿಳಿದಂತೆಯೇ, ಅಂದರೆ ಸಂಬಂಧ ಬಹಳ ಬಲವಾದದ್ದು. ಕಿಂಡಿಯೊಳಗಿನ ಹರವು ಇಡೀ ಹರವಿನಷ್ಟೇ ಇದ್ದಿದ್ದರೆ ಕಾಯಿಯ ತೂಕದಿಂದ ಏನೂ ತಿಳಿಯುತ್ತಿರಲಿಲ್ಲ.

ಕಿಂಡಿಯನ್ನು ಎಡದಿಂದ ಬಲಕ್ಕೆ ಜರುಗಿಸುತ್ತ ಹೋಗಿ. ನಮ್ಮ ಶೇಂಗಾ ಚಿತ್ರದಲ್ಲಿ ಸಣ್ಣ ಬೊಗಸೆಗಳ ಕಡೆ ಚುಕ್ಕಿಗಳು ಒತ್ತಾಗಿದ್ದು ದೊಡ್ಡ ಬೊಗಸೆಗಳ ಕಡೆ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ಹೀಗಿದ್ದಾಗ ರೇಖೆಯಿಂದ ಮಾಡುವ ಅಂದಾಜಿಗೆ ಎಲ್ಲ ಕಡೆಯೂ ಒಂದೇ ಪ್ರಮಾಣದ ತಪ್ಪು ಹೇಳಲು ಬರುವುದಿಲ್ಲ.

ಅದೇ ಅಂಕಿಗಳು ಸ್ನೇಹಿತನ ಚಿತ್ರದಲ್ಲಿ ಹೆಚ್ಚು ಬಲವಾಗಿ ಕಾಣುತ್ತವೆ. ಏಕೆ?

ಅವನ ಅಕ್ಷಗಳನ್ನು ನೋಡಿ. ಚುಕ್ಕಿಗಳ ಸುತ್ತ ಖಾಲಿ ಜಾಗ ಹೆಚ್ಚು ಬಿಟ್ಟರೆ ಗುಂಪು ಕುಗ್ಗಿ ಒತ್ತಾಗಿ ಕಾಣುತ್ತದೆ, ಕಣ್ಣು ಅದನ್ನು ಬಲವಾದ ಸಂಬಂಧ ಎಂದು ಓದುತ್ತದೆ. 1982ರಲ್ಲಿ ಕ್ಲೀವ್‌ಲ್ಯಾಂಡ್, ಡಯಾಕೊನಿಸ್, ಮೆಕ್‌ಗಿಲ್ ಎಂಬ ಮೂವರು ಸಂಖ್ಯಾಶಾಸ್ತ್ರಜ್ಞರು ಇದನ್ನು ಪ್ರಯೋಗದಿಂದಲೇ ತೋರಿಸಿದರು. ಹಾಗಾಗಿ ಎರಡು ಚಿತ್ರಗಳನ್ನು ಹೋಲಿಸುವಾಗ ಅಕ್ಷಗಳ ಆರಂಭ, ಕೊನೆ ಒಂದೇ ಇರಲಿ. ಗುಣಾಂಕ ಬೇಕಾಗುವುದು ಇಲ್ಲಿ. ಆಕಾರ ನೇರವಾಗಿದೆ ಎಂದು ಕಣ್ಣು ಹೇಳಿದ ಮೇಲೆ, ಬಲ ಎಷ್ಟು ಎಂಬುದನ್ನು ಅಂಕಿ ಹೇಳಲಿ.

ಗುಂಪಿನಿಂದ ದೂರ ಬಿದ್ದ ಚುಕ್ಕಿಗಳನ್ನು ಅಳಿಸಿಬಿಡಬಹುದೇ?

ಅದು ಏಕೆ ದೂರ ಬಿತ್ತು ಎಂದು ತಿಳಿಯುವವರೆಗೂ ಅಳಿಸಬೇಡಿ. ನಮ್ಮ ಹದಿಮೂರು ಚುಕ್ಕಿಗಳಿಗೆ ಇನ್ನು ಮೂರು ಸೇರಿಸಿ: ವೇಗ 9, 10, 12, ಮೂರಕ್ಕೂ ವಿದ್ಯುತ್ ಸೊನ್ನೆ. ಗುಣಾಂಕ 0.98ರಿಂದ 0.71ಕ್ಕೆ ಇಳಿಯುತ್ತದೆ, ಗೆರೆಯ ಏರಿಕೆ 203ರಿಂದ 158ಕ್ಕೆ. ಬರೀ ಲೆಕ್ಕ ನೋಡುವವರಿಗೆ ಗಾಳಿಗೂ ವಿದ್ಯುತ್ತಿಗೂ ಸಂಬಂಧ ಸಡಿಲವಾಯಿತು ಎನಿಸುತ್ತದೆ. ಚಿತ್ರ ನೋಡುವವರಿಗೆ ಬೇರೆಯೇ ಕಾಣುತ್ತದೆ. ಬಾಗಿದ ಸಾಲು ಇದ್ದಂತೆಯೇ ಇದೆ, ಮೂರು ಚುಕ್ಕಿ ಮಾತ್ರ ತಳದಲ್ಲಿ ಸಾಲಾಗಿ ಮಲಗಿವೆ. ಒಳ್ಳೆಯ ಗಾಳಿ ಇದ್ದೂ ವಿದ್ಯುತ್ ಸೊನ್ನೆ ಎಂದರೆ ಯಂತ್ರ ನಿಂತಿತ್ತು: ದುರಸ್ತಿ ನಡೆಯುತ್ತಿರಬಹುದು, ಅಥವಾ ವಿದ್ಯುತ್ ಜಾಲದ ಕಡೆಯಿಂದ ನಿಲ್ಲಿಸಲು ಹೇಳಿರಬಹುದು. ನಿರ್ವಹಣೆಯ ದಾಖಲೆ ತೆಗೆದು ಆ ಹೊತ್ತನ್ನು ನೋಡಬೇಕು. ಯಂತ್ರ ಎಷ್ಟು ಹೊತ್ತು ನಿಂತಿತ್ತು ಎಂಬುದೇ ನಿಮ್ಮ ಪ್ರಶ್ನೆಯಾಗಿದ್ದರೆ ಆ ಮೂರು ಚುಕ್ಕಿಗಳೇ ನಿಮ್ಮ ಉತ್ತರ. ನಡೆಯುತ್ತಿರುವ ಯಂತ್ರದ ನಡತೆ ಬೇಕಿದ್ದರೆ, ಕಾರಣವನ್ನು ಬರೆದಿಟ್ಟು ಅವನ್ನು ಬದಿಗಿಡಿ.

ಇನ್ನೊಂದು ಬಗೆಯ ಚುಕ್ಕಿ ಬಲಕ್ಕೆ ಬಹಳ ದೂರ ಹೋಗಿ ಬೀಳುತ್ತದೆ. ಒಬ್ಬ ವಿದ್ಯಾರ್ಥಿಯ ಚಿತ್ರದಲ್ಲಿ ಎಲ್ಲ ಚುಕ್ಕಿಗಳೂ 14ರ ಒಳಗಿದ್ದು ನಾಲ್ಕು ಮಾತ್ರ 30ರ ಆಚೆ ಇದ್ದವು. ಅದರಲ್ಲಿ ಒಂದು 36ರಲ್ಲಿ, ವಿದ್ಯುತ್ 1450. 36ನ್ನು 3.6ರಿಂದ ಭಾಗಿಸಿ ನೋಡು ಎಂದೆ. 10 ಬಂತು, ಪಟ್ಟಿಯಲ್ಲಿ 10ಕ್ಕೆ ಇರುವುದೂ 1450. ನಾಲ್ಕು ಸಾಲುಗಳಲ್ಲಿ ಗಂಟೆಗೆ ಕಿಲೋಮೀಟರ್ ಲೆಕ್ಕದ ವೇಗ ಸೇರಿಕೊಂಡಿತ್ತು. ಇಂಥವನ್ನು ಅಳಿಸಬೇಕಾಗಿಲ್ಲ, ತಿದ್ದಿದರೆ ಸಾಕು.

ಚುಕ್ಕಿಗಳು ಎರಡು ಸಾಲಾಗಿ ಒಡೆದುಕೊಂಡಿವೆ. ತಪ್ಪೆಲ್ಲಿ?

ತಪ್ಪು ಇರಲೇಬೇಕೆಂದಿಲ್ಲ. ಒಂದೇ ಕಡತದಲ್ಲಿ ಎರಡು ಬಗೆಯ ವಸ್ತುಗಳು ಬೆರೆತಿರಬಹುದು. 2000 ಕಿಲೋವ್ಯಾಟ್‌ನ ಹೊಸ ಯಂತ್ರದ ಜೊತೆ 225 ಕಿಲೋವ್ಯಾಟ್‌ನ ಹಳೆಯ ಸಣ್ಣ ಯಂತ್ರದ ಅಂಕಿಗಳು ಸೇರಿದರೆ ಒಂದು ಸಾಲು ಮೇಲಕ್ಕೇರುತ್ತದೆ, ಇನ್ನೊಂದು ನೆಲಕ್ಕೆ ಹತ್ತಿರವೇ ಓಡುತ್ತದೆ. ಎರಡಕ್ಕೂ ಸೇರಿಸಿ ಎಳೆದ ಗೆರೆ ನಡುವಿನ ಖಾಲಿ ಜಾಗದಲ್ಲಿ ಹಾದುಹೋಗುತ್ತದೆ, ಅಲ್ಲಿ ಯಾವ ಯಂತ್ರವೂ ಇಲ್ಲ.

ಹೊಲದ ಅಂಕಿಗಳಲ್ಲಿ ಇದು ಇನ್ನೂ ಮೋಸ ಮಾಡುತ್ತದೆ. ಜಗಳೂರಿನ ಮಳೆಯಾಶ್ರಿತ ಮೆಕ್ಕೆಜೋಳವನ್ನೂ ಭದ್ರಾ ನಾಲೆಯ ನೀರುಂಡ ಮೆಕ್ಕೆಜೋಳವನ್ನೂ ಒಂದೇ ಚಿತ್ರದಲ್ಲಿಟ್ಟು, ಗೊಬ್ಬರ ಅಡ್ಡಕ್ಕೆ, ಇಳುವರಿ ಮೇಲಕ್ಕೆ ಹಾಕಿದಿರಿ ಎನ್ನಿ. ನೀರಿದ್ದವರು ಗೊಬ್ಬರವನ್ನೂ ಹೆಚ್ಚು ಹಾಕುತ್ತಾರೆ, ಇಳುವರಿಯನ್ನೂ ಹೆಚ್ಚು ಪಡೆಯುತ್ತಾರೆ. ಕೆಳಗೆ ಎಡಕ್ಕೆ ಒಂದು ಗುಂಪು, ಮೇಲೆ ಬಲಕ್ಕೆ ಒಂದು ಗುಂಪು ಬೀಳುತ್ತದೆ. ಎರಡನ್ನೂ ಜೋಡಿಸುವ ಗೆರೆ ಚೆನ್ನಾಗಿ ಏರುತ್ತದೆ, ಆದರೆ ಒಂದೊಂದು ಗುಂಪಿನೊಳಗೆ ಏರಿಕೆಯೇ ಇಲ್ಲದಿರಬಹುದು. ಆಗ ಆ ಗೆರೆ ತೋರಿಸುತ್ತಿರುವುದು ಗೊಬ್ಬರದ ಫಲವನ್ನಲ್ಲ, ನೀರಿನ ಫಲವನ್ನು. ಎರಡು ಗುಂಪಿಗೆ ಎರಡು ಬಣ್ಣದ ಪೆನ್ಸಿಲ್ ಬಳಸಿದರೆ ಇದು ಕೂಡಲೇ ಕಾಣುತ್ತದೆ.

ನನ್ನ ಬಳಿ ಸಾವಿರಾರು ಸಾಲುಗಳಿವೆ. ಚಿತ್ರವೆಲ್ಲ ಕಪ್ಪು ಮುದ್ದೆಯಾಗುತ್ತಿದೆ.

ಗಾಳಿಯಂತ್ರದ ದಾಖಲೆ ಸಾಮಾನ್ಯವಾಗಿ 10 ನಿಮಿಷಕ್ಕೊಂದು ಸರಾಸರಿಯಂತೆ ಇರುತ್ತದೆ. ದಿನಕ್ಕೆ 144, ವರ್ಷಕ್ಕೆ 52,560 ಚುಕ್ಕಿ. ಚುಕ್ಕಿಯನ್ನು ಸಣ್ಣದು ಮಾಡಿ, ಬಣ್ಣವನ್ನು ತೆಳುವಾಗಿಸಿ. ಚುಕ್ಕಿಗಳು ಹೆಚ್ಚು ಕೂಡಿದ ಕಡೆ ಮಾತ್ರ ಗಾಢವಾಗುತ್ತದೆ.

```python
import pandas as pd
import matplotlib.pyplot as plt
d = pd.read_csv("gali.csv")
plt.scatter(d["vega"], d["shakti"], s=4, alpha=0.1)
plt.show()
```

ಇಲ್ಲಿ `s` ಚುಕ್ಕಿಯ ಗಾತ್ರ, `alpha` ಬಣ್ಣದ ಗಾಢತೆ. ಇಷ್ಟು ಚುಕ್ಕಿಗಳಿರುವಾಗ ಸಾಲು ತೆಳ್ಳಗಿರದೆ ದಪ್ಪನೆಯ ಪಟ್ಟಿಯಾಗುತ್ತದೆ. 10 ನಿಮಿಷದೊಳಗೆ ಗಾಳಿ ಏರಿಳಿಯುತ್ತದೆ, ಬಿಸಿ ಗಾಳಿ ಹಗುರ, ತಂಪು ಗಾಳಿ ತೂಕ, ವೇಗ ಅಳೆಯುವ ಉಪಕರಣ ಹಲವು ಯಂತ್ರಗಳಲ್ಲಿ ತಿರುಗುವ ರೆಕ್ಕೆಗಳ ಹಿಂದೆ ಇರುತ್ತದೆ. ಪಟ್ಟಿಯ ದಪ್ಪ ಇವೆಲ್ಲದರಿಂದ ಬಂದದ್ದು.

ಪ್ರಾಜೆಕ್ಟ್ ವರದಿಯಲ್ಲಿ ಚಿತ್ರದ ಕೆಳಗೆ ಏನು ಬರೆಯಬೇಕು?

ಮೊದಲು ಆಕಾರ, ಆಮೇಲೆ ದಿಕ್ಕು, ಆಮೇಲೆ ಬಲ, ಕೊನೆಗೆ ಹೊರಗೆ ಬಿದ್ದ ಚುಕ್ಕಿಗಳು. ಈ ಅನುಕ್ರಮ ಬದಲಿಸಬೇಡಿ, ಏಕೆಂದರೆ ಯಾವ ಆಕಾರಕ್ಕೆ ಚುಕ್ಕಿಗಳು ಒತ್ತಾಗಿವೆ ಎಂದು ತಿಳಿಯದೆ ಬಲದ ಮಾತು ಆಡಲು ಬರುವುದಿಲ್ಲ. ನಮ್ಮ ಹದಿನಾರು ಚುಕ್ಕಿಗಳ ಚಿತ್ರಕ್ಕೆ ಆ ವಿದ್ಯಾರ್ಥಿನಿ ಬರೆದದ್ದು ಹೀಗಿತ್ತು, ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ:

“ಗಾಳಿಯ ವೇಗ 4 ಆಗುವವರೆಗೆ ವಿದ್ಯುತ್ ಬಹುತೇಕ ಇಲ್ಲ. ಅಲ್ಲಿಂದ ಮೇಲಕ್ಕೆ ಬಾಗುತ್ತ ಏರಿ, 7ರಿಂದ 11ರವರೆಗೆ ಹೆಚ್ಚುಕಡಿಮೆ ನೇರವಾಗಿ ಸಾಗಿ, 13ರ ನಂತರ 2000ದಲ್ಲಿ ಸಮತಟ್ಟಾಗುತ್ತದೆ. ಎಲ್ಲಿಯೂ ಇಳಿಯುವುದಿಲ್ಲ. ಚುಕ್ಕಿಗಳು ಈ ಬಾಗಿದ ಸಾಲಿಗೆ ಬಹಳ ಒತ್ತಾಗಿವೆ. ವೇಗ 9, 10, 12ರಲ್ಲಿ ಮೂರು ಚುಕ್ಕಿಗಳು ಸೊನ್ನೆಯಲ್ಲಿವೆ. ಆ ಹೊತ್ತಿನಲ್ಲಿ ಯಂತ್ರ ನಿಂತಿತ್ತೇ ಎಂದು ವಿಚಾರಿಸಬೇಕು. ಇಡೀ ಚಿತ್ರಕ್ಕೆ ಸರಳರೇಖೆ ಹೊಂದಿಸಿಲ್ಲ. 7ರಿಂದ 11ರವರೆಗಿನ ಭಾಗಕ್ಕೆ, ನಿಂತ ಚುಕ್ಕಿಗಳನ್ನು ಬಿಟ್ಟು, ಮುಂದಿನ ಪುಟದಲ್ಲಿ ಹೊಂದಿಸಿದ್ದೇನೆ.”